ನಾಮಕರಣದ ಕರೆಯೋಲೆ: ಒಕ್ಕಣೆ ಹೇಗಿರಬೇಕು?

ಮದುವೆ ಪತ್ರಿಕೆಯನ್ನು ಅಚ್ಚಿಗೆ ಕೊಡುವ ಮುನ್ನ ಮನೆಮಂದಿಯೆಲ್ಲ ಓದಿ ತಿದ್ದುತ್ತಾರೆ. ನಾಮಕರಣದ ಪತ್ರಿಕೆಗೆ ಆ ಭಾಗ್ಯವಿಲ್ಲ. ಬಾಣಂತನದ ಗಡಿಬಿಡಿಯಲ್ಲಿ ಯಾರದೋ ಹಳೆಯ ಪತ್ರಿಕೆಯಲ್ಲಿ ಹೆಸರು, ತಾರೀಕು ಬದಲಿಸಿ ವಾಟ್ಸ್ಆ್ಯಪ್‌ಗೆ ಬಿಡುತ್ತಾರೆ. ತಪ್ಪು ನುಸುಳುವುದು ಅಲ್ಲೇ.

2025ರ ವಿಜಯದಶಮಿಯಂದು ಅನನ್ಯ ಎಂಬ ಮಗುವಿನ ನಾಮಕರಣ ಎಂದಿಟ್ಟುಕೊಳ್ಳಿ. ಸಂಪ್ರದಾಯದ ಒಕ್ಕಣೆ ಹೀಗಿರುತ್ತದೆ:

॥ ಶ್ರೀ ಕುಲದೇವತಾ ಪ್ರಸನ್ನ ॥
ಸ್ವಸ್ತಿಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕವರ್ಷ 1947ನೇ ವಿಶ್ವಾವಸು ನಾಮ ಸಂವತ್ಸರದ ಆಶ್ವಯುಜ ಶುದ್ಧ ದಶಮಿ, ದಿನಾಂಕ 2-10-2025ನೇ ಗುರುವಾರ ಮಧ್ಯಾಹ್ನ 12.15ಕ್ಕೆ ಶ್ರವಣ ನಕ್ಷತ್ರ, ಧನುರ್ಲಗ್ನದಲ್ಲಿ ನಮ್ಮ ಪ್ರಥಮ ಪುತ್ರಿಗೆ ‘ಅನನ್ಯ’ ಎಂದು ನಾಮಕರಣ ಮಾಡಲು ಗುರುಹಿರಿಯರು ನಿಶ್ಚಯಿಸಿರುವುದರಿಂದ, ತಾವು ಸಕುಟುಂಬ ಸಮೇತರಾಗಿ ಆಗಮಿಸಿ ಮಗುವನ್ನು ಆಶೀರ್ವದಿಸಬೇಕಾಗಿ ಕೋರುತ್ತೇವೆ.

ಇದರ ಕೆಳಗೆ ತಂದೆತಾಯಿಯರ ಹೆಸರು, ಎರಡೂ ಕಡೆಯ ಅಜ್ಜ ಅಜ್ಜಿಯರ ಹೆಸರು, ಸ್ಥಳ, ಊಟದ ಹೊತ್ತು.

ಇಲ್ಲಿ ನಕ್ಷತ್ರವನ್ನೇ ನೋಡಿ. ಆ ದಿನ ಸೂರ್ಯೋದಯಕ್ಕೆ ಇದ್ದದ್ದು ಉತ್ತರಾಷಾಢ. ಬೆಳಗ್ಗೆ ಒಂಬತ್ತರ ಸುಮಾರಿಗೆ ಶ್ರವಣ ಬಂತು. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಮೊದಲು ಕಂಡದ್ದನ್ನು ಬರೆದುಕೊಂಡರೆ ಮುಹೂರ್ತಕ್ಕೂ ಪತ್ರಿಕೆಗೂ ಹೊಂದುವುದಿಲ್ಲ. ಪುರೋಹಿತರು ಕೊಟ್ಟ ಚೀಟಿಯನ್ನೇ ಮುಂದಿಟ್ಟುಕೊಂಡು ಬರೆಯಬೇಕು. ಮಗುವಿನ ಜನ್ಮನಕ್ಷತ್ರವನ್ನು ಈ ಜಾಗಕ್ಕೆ ತಂದು ಕೂರಿಸುವವರೂ ಇದ್ದಾರೆ. ಪಂಚಾಂಗ ನೋಡದ ಮನೆಯವರು ಈ ಸಾಲುಗಳನ್ನೆಲ್ಲ ಬಿಟ್ಟು ತಾರೀಕು, ವಾರ, ವೇಳೆ ಬರೆದರೆ ಯಾವ ಕೊರತೆಯೂ ಇಲ್ಲ. ಅರ್ಧಂಬರ್ಧ ಬರೆಯುವುದಕ್ಕಿಂತ ಅದೇ ಚೆನ್ನ ಎಂಬುದು ನನ್ನ ಅಭಿಪ್ರಾಯ.

ಅಜ್ಜ ಅಜ್ಜಿಯರ ಸಾಲಿನಲ್ಲೂ ಎಚ್ಚರ ಬೇಕು. ಮಗು ಅಪ್ಪನ ತಂದೆತಾಯಿಗೆ ಪೌತ್ರಿ, ಅಮ್ಮನ ತಂದೆತಾಯಿಗೆ ದೌಹಿತ್ರಿ. ಎರಡೂ ಕಡೆ ಪೌತ್ರಿ ಎಂದು ಅಚ್ಚಾದ ಪತ್ರಿಕೆಗಳು ಬೇಕಾದಷ್ಟಿವೆ. ಮೊಮ್ಮಗಳು ಎಂದರೆ ಈ ತಾಪತ್ರಯವೇ ಇಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾದಾಗ ನಾಮಕರಣವೂ ಅಲ್ಲೇ ನಡೆಯುವುದುಂಟು. ಆಗ ಕರೆಯುವವರ ಹೆಸರು ಗಂಡನ ಮನೆಯವರದು, ವಿಳಾಸ ತವರಿನದು ಆಗಿ ನೆಂಟರು ಗಲಿಬಿಲಿಗೊಳ್ಳುತ್ತಾರೆ. ಸ್ಥಳದ ಮುಂದೆ ‘ಮಗುವಿನ ತಾಯಿಯ ತವರುಮನೆ’ ಎಂದು ಬರೆದುಬಿಡಿ.

ಹೆಸರನ್ನು ಮೊದಲೇ ಹಾಕಬೇಕೇ? ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಪತ್ರಿಕೆಯಲ್ಲೇ ಹೆಸರು ಬಂದರೆ ಅವಳು ಹೇಳಲು ಉಳಿಯುವುದೇನು? ಅಂಥ ಕಡೆ ‘ನಮ್ಮ ಮುದ್ದು ಮಗಳ ನಾಮಕರಣ’ ಎಂದಷ್ಟೇ ಬರೆಯುವುದು ಲೇಸು.

ಪತ್ರಿಕೆಯಲ್ಲಿ ಬಂದರೂ ತೊಟ್ಟಿಲಲ್ಲಿ ಕೂಗಿದರೂ, ಶಾಲೆಗೆ ಬೇಕಾದದ್ದು ಜನನ ನೋಂದಣಿಯಲ್ಲಿರುವ ಹೆಸರು. ಹುಟ್ಟಿದ ಕೂಡಲೇ ನೋಂದಾಯಿಸುವಾಗ ಹೆಸರಿನ ಜಾಗ ಸಾಮಾನ್ಯವಾಗಿ ಖಾಲಿ ಉಳಿದಿರುತ್ತದೆ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಅದನ್ನು ತುಂಬಿಸಬಹುದು. ಆಮೇಲೆ ಶುಲ್ಕ ಕಟ್ಟಬೇಕು. ಇಂಗ್ಲಿಷ್ ಕಾಗುಣಿತವನ್ನು ಮನೆಯಲ್ಲಿ ಮೊದಲೇ ತೀರ್ಮಾನಿಸಿ, ಕಾಗದದಲ್ಲಿ ಬರೆದುಕೊಂಡು ಹೋಗಿ.