ಕ್ಷೇತ್ರ ಪ್ರಯೋಗಕ್ಕೆ ಮುನ್ನ ತಾಕುಗಳ ಸಂಖ್ಯೆಯ ನಿರ್ಧಾರ: ಅರ್ಜಿದಾರರಿಗೆ ಮಾಹಿತಿ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 28ನೇ ಪ್ರಕರಣದನ್ವಯ ವೈಜ್ಞಾನಿಕ ಸಂಶೋಧನೆಗಾಗಿ ಅಭಯಾರಣ್ಯವನ್ನು ಪ್ರವೇಶಿಸಲು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ನೀಡಬಹುದಾಗಿರುತ್ತದೆ. ಇಂತಹ ಅನುಮತಿ ಕೋರುವವರು ಪ್ರಯೋಗಕ್ಕೆ ಎಷ್ಟು ತಾಕುಗಳು ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

1. ಲೆಕ್ಕಾಚಾರದ ಅಗತ್ಯ

ನಿಜವಾಗಿಯೂ ಇರುವ ಪರಿಣಾಮವನ್ನು ಪ್ರಯೋಗವು ಗುರುತಿಸುವ ಸಂಭವನೀಯತೆಗೆ ಪ್ರಯೋಗದ 'ಸಾಮರ್ಥ್ಯ' ಎಂದು ಹೆಸರು. ಸಾಮಾನ್ಯವಾಗಿ ಇದು ಕನಿಷ್ಠ ಶೇ. 80 ಇರಬೇಕೆಂದು ನಿರೀಕ್ಷಿಸಲಾಗುತ್ತದೆ. ತಾಕುಗಳು ಕಡಿಮೆಯಾದಲ್ಲಿ ಕಾಡಿನ ನೆಲವನ್ನು ಕದಡಿದ ಮೇಲೂ ಉತ್ತರ ದೊರೆಯುವುದಿಲ್ಲ. ಅಲ್ಲದೆ, 'ವ್ಯತ್ಯಾಸ ಕಂಡುಬಂದಿಲ್ಲ' ಎಂಬ ಫಲಿತಾಂಶವನ್ನು 'ಪರಿಣಾಮವೇ ಇಲ್ಲ' ಎಂದು ತಪ್ಪಾಗಿ ಗ್ರಹಿಸಿ, ಉಪಯುಕ್ತವಾದ ಕಾರ್ಯವನ್ನೇ ಕೈಬಿಡುವ ಸಂಭವವಿರುತ್ತದೆ.

2. ಉದಾಹರಣೆ: ಲಂಟಾನ ತೆರವು

ಒಣ ಎಲೆಯುದುರುವ ಕಾಡಿನಲ್ಲಿ ಲಂಟಾನ ಪೊದೆಗಳನ್ನು ಬೇರುಸಹಿತ ತೆಗೆದಲ್ಲಿ ಮತ್ತಿ, ಹೊನ್ನೆ, ಬೀಟೆ ಮುಂತಾದ ಸ್ಥಳೀಯ ಮರಗಳ ಸಸಿಗಳು ಹೆಚ್ಚುತ್ತವೆಯೇ ಎಂಬುದು ಪ್ರಶ್ನೆ ಎಂದು ಭಾವಿಸೋಣ. ಪ್ರತಿ ತಾಕು 10 ಮೀ. ಉದ್ದ, 10 ಮೀ. ಅಗಲ ಇರುತ್ತದೆ. ಲೆಕ್ಕಕ್ಕೆ ಎರಡು ಅಂಶಗಳು ಬೇಕು.

(ಅ) ಗುರುತಿಸಬೇಕಾದ ಕನಿಷ್ಠ ವ್ಯತ್ಯಾಸ. ಇದನ್ನು ಸಂಖ್ಯಾಶಾಸ್ತ್ರವು ಹೇಳಲಾರದು. ತೆರವಿನ ವೆಚ್ಚ ಮತ್ತು ಶ್ರಮಕ್ಕೆ ತಕ್ಕ ಪ್ರಯೋಜನ ಯಾವುದೆಂದು ಸಂಶೋಧಕರೇ ತೀರ್ಮಾನಿಸಬೇಕು. ಇಲ್ಲಿ ತಾಕಿಗೆ 6 ಸಸಿಗಳೆಂದು ಇಟ್ಟುಕೊಳ್ಳಲಾಗಿದೆ.

(ಆ) ತಾಕಿನಿಂದ ತಾಕಿಗೆ ಸಹಜವಾಗಿ ಕಾಣುವ ಏರಿಳಿತ. ಪೂರ್ವಭಾವಿ ಸಮೀಕ್ಷೆಯಲ್ಲಿ ಇದರ ಮಾನಕ ವಿಚಲನೆ 8 ಸಸಿಗಳೆಂದು ಕಂಡುಬಂದಿದೆ ಎಂದುಕೊಳ್ಳೋಣ.

ಶೇ. 5ರ ಸಾರ್ಥಕತೆಯ ಮಟ್ಟ ಹಾಗೂ ಶೇ. 80ರ ಸಾಮರ್ಥ್ಯಕ್ಕೆ, ಒಂದು ಗುಂಪಿನ ತಾಕುಗಳ ಸಂಖ್ಯೆ ಸ್ಥೂಲವಾಗಿ ಹೀಗಿರುತ್ತದೆ:

n = 16 × (8 ÷ 6)² ≈ 29

ಅಂದರೆ ತೆರವುಗೊಳಿಸಿದ 29 ಹಾಗೂ ಹಾಗೆಯೇ ಬಿಟ್ಟ 29, ಒಟ್ಟು 58 ತಾಕುಗಳು ಬೇಕಾಗುತ್ತವೆ.

3. ಜೋಡಿ ತಾಕುಗಳಿಂದ ಉಳಿತಾಯ

ಮಣ್ಣು, ಇಳಿಜಾರು ಮತ್ತು ನೆರಳು ಒಂದೇ ರೀತಿ ಇರುವ ಅಕ್ಕಪಕ್ಕದ ಎರಡು ತಾಕುಗಳನ್ನು ಜೋಡಿಯಾಗಿ ಆರಿಸಿ, ಯಾವುದನ್ನು ತೆರವುಗೊಳಿಸಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದಲ್ಲಿ, ಜಾಗದಿಂದ ಜಾಗಕ್ಕಿರುವ ವ್ಯತ್ಯಾಸದ ಬಹುಪಾಲು ಲೆಕ್ಕದಿಂದ ಕಳೆದುಹೋಗುತ್ತದೆ. ಜೋಡಿಯ ತಾಕುಗಳ ನಡುವಿನ ಸಹಸಂಬಂಧ 0.5 ಇದ್ದಲ್ಲಿ, ಅವುಗಳ ಅಂತರದ ಮಾನಕ ವಿಚಲನೆಯೂ 8 ಆಗುತ್ತದೆ. ಇದನ್ನು ಉಚಿತವಾಗಿ ದೊರೆಯುವ ಆರ್ ತಂತ್ರಾಂಶದಲ್ಲಿ ಹೀಗೆ ಲೆಕ್ಕ ಹಾಕಬಹುದು:

```
power.t.test(delta = 6, sd = 8, power = 0.8, type = "paired")
```

ಉತ್ತರ 16 ಜೋಡಿಗಳು, ಅಂದರೆ 58ರ ಬದಲು 32 ತಾಕುಗಳು. ಕೇವಲ 8 ಜೋಡಿಗಳಲ್ಲಿ ಪ್ರಯೋಗ ನಡೆಸಿದಲ್ಲಿ ಸಾಮರ್ಥ್ಯವು ಶೇ. 50ಕ್ಕಿಂತಲೂ ಕಡಿಮೆ. ಗುರುತಿಸಬೇಕಾದ ವ್ಯತ್ಯಾಸವನ್ನು 6ರಿಂದ 3ಕ್ಕೆ ಇಳಿಸಿದಲ್ಲಿ ಸುಮಾರು 58 ಜೋಡಿಗಳು ಬೇಕಾಗುತ್ತವೆ. ಆದುದರಿಂದ (ಅ) ಅಂಶವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯಕ.

ಕಾಳ್ಗಿಚ್ಚು ಅಥವಾ ಆನೆಗಳ ತುಳಿತದಿಂದ ಕೆಲವು ತಾಕುಗಳು ನಷ್ಟವಾಗಬಹುದು. ಒಂದು ತಾಕು ಹಾಳಾದರೆ ಆ ಜೋಡಿಯೇ ಲೆಕ್ಕಕ್ಕೆ ಸಿಗುವುದಿಲ್ಲ. ಐದರಲ್ಲಿ ಒಂದು ಜೋಡಿ ನಷ್ಟವಾಗುವುದೆಂದು ಅಂದಾಜಿಸಿದಲ್ಲಿ 16 ÷ 0.8 = 20 ಜೋಡಿಗಳನ್ನು ಸ್ಥಾಪಿಸತಕ್ಕದ್ದು.

4. ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯದು, ಒಂದೇ ತಾಕಿನೊಳಗೆ ಹಲವು ಚಿಕ್ಕ ಚೌಕಗಳನ್ನು ಎಣಿಸಿ ಪ್ರತಿಯೊಂದನ್ನೂ ಸ್ವತಂತ್ರ ಮಾದರಿಯೆಂದು ಪರಿಗಣಿಸುವುದು. 1984ರಲ್ಲಿ ಸ್ಟುವರ್ಟ್ ಹರ್ಲ್‌ಬರ್ಟ್ ಎಂಬ ಪರಿಸರ ವಿಜ್ಞಾನಿ ಈ ದೋಷವನ್ನು 'ಹುಸಿ ಪುನರಾವರ್ತನೆ' ಎಂಬ ಅರ್ಥದ ಹೆಸರಿನಿಂದ ವಿವರಿಸಿದರು. ಒಂದೇ ತಾಕಿನ ಚೌಕಗಳ ನಡುವೆ 0.6ರಷ್ಟು ಸಹಸಂಬಂಧವಿದ್ದಲ್ಲಿ, 10 ತಾಕುಗಳಲ್ಲಿ ತಲಾ 4ರಂತೆ ಎಣಿಸಿದ 40 ಚೌಕಗಳು ಸುಮಾರು 14 ಸ್ವತಂತ್ರ ಮಾದರಿಗಳಿಗೆ ಮಾತ್ರ ಸಮ. ಗುರುತಿಸಲು ಒಂದು ಸರಳ ಪ್ರಶ್ನೆ ಸಾಕು: ತೆರವು ಕಾರ್ಯವನ್ನು ಎಷ್ಟು ತಾಕುಗಳಿಗೆ ಪ್ರತ್ಯೇಕವಾಗಿ ಹಂಚಲಾಗಿದೆ? ಆ ಸಂಖ್ಯೆಯೇ ಮಾದರಿಯ ಗಾತ್ರ.

ಎರಡನೆಯದು, ಚಿಕ್ಕ ಪೂರ್ವಭಾವಿ ಸಮೀಕ್ಷೆಯ ಅಂಕಿಯನ್ನು ನಿಖರವೆಂದು ನಂಬುವುದು. ಕೇವಲ 6 ಜೋಡಿಗಳಿಂದ ದೊರೆತ 8 ಎಂಬ ಮಾನಕ ವಿಚಲನೆಯು ವಾಸ್ತವದಲ್ಲಿ 5 ಅಥವಾ 19 ಕೂಡ ಆಗಿರಬಹುದು. ಆದ್ದರಿಂದ ಹೆಚ್ಚಿನ ಮೌಲ್ಯವೊಂದನ್ನೂ ಬಳಸಿ ಲೆಕ್ಕವನ್ನು ಮರುಪರಿಶೀಲಿಸುವುದು ಸೂಕ್ತ.

ಮೂರನೆಯದು, ಪ್ರಯೋಗ ಮುಗಿದ ನಂತರ ಅದೇ ಫಲಿತಾಂಶದಿಂದ ಸಾಮರ್ಥ್ಯವನ್ನು ಲೆಕ್ಕ ಹಾಕುವುದು. ಇದರಿಂದ ಹೊಸ ಮಾಹಿತಿ ಏನೂ ದೊರೆಯುವುದಿಲ್ಲ. ಆಗ ವ್ಯತ್ಯಾಸದ ಅಂದಾಜನ್ನು ಅದರ ವಿಶ್ವಾಸಾಂತರದೊಂದಿಗೆ ವರದಿ ಮಾಡಬೇಕು.

5. ಪ್ರಸ್ತಾವನೆಯಲ್ಲಿ ನಮೂದಿಸಬಹುದಾದ ವಿವರಗಳು

ಗುರುತಿಸಬೇಕಾದ ಕನಿಷ್ಠ ವ್ಯತ್ಯಾಸ ಮತ್ತು ಅದಕ್ಕೆ ಕಾರಣ, ಮಾನಕ ವಿಚಲನೆಯ ಮೂಲ, ಸಾರ್ಥಕತೆಯ ಮಟ್ಟ ಮತ್ತು ಸಾಮರ್ಥ್ಯ, ನಿರೀಕ್ಷಿತ ನಷ್ಟ ಹಾಗೂ ಅಂತಿಮ ತಾಕುಗಳ ಸಂಖ್ಯೆ. ಲಭ್ಯವಿರುವ ಜಾಗ ಮತ್ತು ಹಣದಲ್ಲಿ ಅಷ್ಟು ತಾಕುಗಳು ಸಾಧ್ಯವಿಲ್ಲವೆಂದು ಕಂಡುಬಂದಲ್ಲಿ, ಪ್ರಶ್ನೆಯನ್ನು ಅಥವಾ ವಿನ್ಯಾಸವನ್ನು ಬದಲಿಸಲು ಅತ್ಯಂತ ಸೂಕ್ತ ಸಮಯ ಮೊದಲ ಪೊದೆಯನ್ನು ಕೀಳುವ ಮುನ್ನವೇ ಆಗಿರುತ್ತದೆ.