ಗೂಗಲ್ ಜಾಹೀರಾತು: ಸರ್ಟಿಫಿಕೇಟ್ ನೋಡಬೇಕೋ, ಮಾಡಿದ ಕೆಲಸವನ್ನೋ?

ಹೋಮ್‌ಸ್ಟೇ, ಹಲ್ಲಿನ ಆಸ್ಪತ್ರೆ, ಟ್ಯೂಷನ್ ಸೆಂಟರ್ ಯಾವುದೇ ಇರಲಿ, ನಡೆಸುವವರಿಗೆ ಈಗ ಆಗಾಗ ಒಂದು ಫೋನ್ ಬರುತ್ತಿರುತ್ತದೆ. "ಸರ್, ನಿಮ್ಮ ಗೂಗಲ್ ಆ್ಯಡ್ಸ್ ನಾವು ನೋಡ್ಕೋತೀವಿ. ನಾವು ಗೂಗಲ್ ಸರ್ಟಿಫೈಡ್." ಫೋನ್ ಇಡುವಷ್ಟರಲ್ಲಿ ವಾಟ್ಸ್‌ಆ್ಯಪ್‌ಗೆ ಒಂದು ಪಿಡಿಎಫ್ ಬಂದಿರುತ್ತದೆ. ಅದರಲ್ಲಿ ಗೂಗಲ್‌ನ ಗುರುತು, ಅಭ್ಯರ್ಥಿಯ ಹೆಸರು, ತಾರೀಕು. ನೋಡಿದವರಿಗೆ ಅರ್ಧ ನಂಬಿಕೆ ಬಂದೇಬಿಡುತ್ತದೆ.

ಆ ಸರ್ಟಿಫಿಕೇಟ್ ಸಿಗುವುದು ಸ್ಕಿಲ್‌ಶಾಪ್ ಎಂಬ ಗೂಗಲ್‌ನದೇ ತಾಣದಲ್ಲಿ. ಪಾಠವೂ ಉಚಿತ, ಪರೀಕ್ಷೆಯೂ ಉಚಿತ. ಮನೆಯಲ್ಲೇ ಕೂತು ಬರೆಯಬಹುದು. ಎಲ್ಲ ಪ್ರಶ್ನೆಗೂ ಉತ್ತರ ಅಲ್ಲೇ ಕೊಟ್ಟಿರುತ್ತದೆ, ಸರಿಯಾದದ್ದನ್ನು ಆರಿಸಿದರಾಯಿತು. ನೂರಕ್ಕೆ 80 ಬಂದರೆ ಪಾಸು. ನಪಾಸಾದರೆ ಒಂದು ದಿನ ಬಿಟ್ಟು ಮತ್ತೆ ಬರೆಯಬಹುದು. ಒಂದು ವರ್ಷವಾದ ಮೇಲೆ ನವೀಕರಿಸಿಕೊಳ್ಳಬೇಕು. ಪ್ರಶ್ನೋತ್ತರಗಳು ಇಂಟರ್‌ನೆಟ್‌ನಲ್ಲಿ ಹುಡುಕಿದವರಿಗೆ ಸಿಗುತ್ತವೆ. ಹಾಗಂತ ಅದನ್ನು ತೀರಾ ತಳ್ಳಿಹಾಕುವಂತಿಲ್ಲ. ಪ್ರಾಮಾಣಿಕವಾಗಿ ಓದಿ ಬರೆದವರಿಗೆ ಜಾಹೀರಾತು ಖಾತೆಯ ಒಳಗಿನ ಭಾಷೆ ತಿಳಿದಿರುತ್ತದೆ. ಆದರೆ ಜಾಹೀರಾತು ಮಾರುವ ಕಂಪನಿಯೇ ಪಾಠ ಹೇಳಿ, ಪರೀಕ್ಷೆಯನ್ನೂ ಮಾಡುತ್ತದೆ ಎನ್ನುವುದು ನೆನಪಿನಲ್ಲಿರಬೇಕು. ಎಲ್ಲಿ ಖರ್ಚು ನಿಲ್ಲಿಸಬೇಕು ಎಂದು ಹೇಳಿಕೊಡುವ ಅವಸರ ಅಂಗಡಿಯವರಿಗೆ ಇರುವುದಿಲ್ಲವಲ್ಲ.

ಏಜೆನ್ಸಿಗಳು ತೋರಿಸುವ 'ಗೂಗಲ್ ಪಾರ್ಟ್ನರ್' ಬ್ಯಾಡ್ಜ್ ಇದಕ್ಕಿಂತ ಮೇಲಿನದು. ಅದಕ್ಕೆ ಖಾತೆ ನೋಡಿಕೊಳ್ಳುವ ಸಿಬ್ಬಂದಿಯಲ್ಲಿ ಅರ್ಧದಷ್ಟು ಜನ ಸರ್ಟಿಫಿಕೇಟ್ ಪಡೆದಿರಬೇಕು, 90 ದಿನದಲ್ಲಿ 10,000 ಡಾಲರ್‌ನಷ್ಟು ಜಾಹೀರಾತು ಖರ್ಚು ಅವರ ಕೈಯಿಂದ ಹಾದುಹೋಗಿರಬೇಕು, ಆಪ್ಟಿಮೈಸೇಷನ್ ಸ್ಕೋರ್ ಕನಿಷ್ಠ 70 ಇರಬೇಕು. ಈ ಸ್ಕೋರ್ ಏರಬೇಕಾದರೆ ಗೂಗಲ್ ಕೊಡುವ ಸಲಹೆಗಳನ್ನು ಒಪ್ಪಬೇಕು. ಬೇಡವೆಂದು ತಳ್ಳಿಹಾಕಿದರೂ ಏರುತ್ತದೆ. ಗ್ರಾಹಕನಿಗೆ ಲಾಭವಾಯಿತೇ ಎಂಬ ಪ್ರಶ್ನೆ ಇದರಲ್ಲಿ ಎಲ್ಲೂ ಬರುವುದಿಲ್ಲ.

ಇಷ್ಟಿದ್ದೂ ಸರ್ಟಿಫಿಕೇಟ್ ಕೆಲಸ ಮಾಡುತ್ತದೆ, ಅದೂ ನಿಜ. ಆನ್‌ಲೈನ್ ಮಾರುಕಟ್ಟೆಯಲ್ಲಿ ಕೆಲಸ ಹಿಡಿಯುವ ಫ್ರೀಲ್ಯಾನ್ಸರ್‌ಗಳ ಬಗ್ಗೆ ಒಟ್ಟೊ ಕಾಸ್ಸಿ ಮತ್ತು ವಿಲಿ ಲೆಹ್ಡೊನ್‌ವಿರ್ಟಾ ಎಂಬ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಕೌಶಲ ಪ್ರಮಾಣಪತ್ರ ಪಡೆದವರ ಗಳಿಕೆ ಏರಿದ್ದು ಕಂಡುಬಂತು. ಕೆಲಸದ ಗುಣಮಟ್ಟ ಹೆಚ್ಚಿ ಗಳಿಕೆ ಏರಿದ್ದಲ್ಲ. ಕೆಲಸ ಕೊಡುವವರ ಅನುಮಾನ ತಗ್ಗಿದ್ದರಿಂದ ಏರಿತ್ತು. ಇಂಥ ಪ್ರಮಾಣಪತ್ರಗಳನ್ನು ಹೆಚ್ಚಾಗಿ ಮಾಡಿಕೊಳ್ಳುವವರು ತೋರಿಸಲು ಬೇರೇನೂ ಇಲ್ಲದವರೇ ಎಂದೂ ಅವರು ಗಮನಿಸಿದರು. ಇನ್ನೊಂದು ಕಡೆ ಅಮಾಂಡಾ ಪಲೈಸ್ ಎಂಬ ಅರ್ಥಶಾಸ್ತ್ರಜ್ಞೆ ಇಂಥದೇ ಮಾರುಕಟ್ಟೆಯಲ್ಲಿ 952 ಜನರಿಗೆ ಡೇಟಾ ಎಂಟ್ರಿ ಕೆಲಸ ಕೊಟ್ಟು, ಕೆಲವರಿಗೆ ಚುಟುಕಾಗಿ, ಕೆಲವರಿಗೆ ವಿವರವಾಗಿ ಅಭಿಪ್ರಾಯ ಬರೆದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಮ್ಮೆ ಕೆಲಸ ಸಿಕ್ಕಿದ್ದೇ ಮುಂದಿನ ಕೆಲಸಗಳಿಗೆ ದಾರಿ ಮಾಡಿಕೊಟ್ಟಿತ್ತು. ವಿವರವಾದ ಅಭಿಪ್ರಾಯ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತ್ತು. ಅಂದರೆ ಮೊದಲ ಗಿರಾಕಿ ಸಿಗುವ ತನಕ ಸರ್ಟಿಫಿಕೇಟ್‌ಗೆ ಬೆಲೆ. ಆಮೇಲೆ ಮಾತಾಡಬೇಕಾದದ್ದು ಮಾಡಿದ ಕೆಲಸ.

ಆದರೆ 'ಮಾಡಿದ ಕೆಲಸ' ಎಂದು ತೋರಿಸುವುದರಲ್ಲೂ ಮೋಸವಿದೆ. ನನ್ನನ್ನು ಕೇಳಿದರೆ ಸರ್ಟಿಫಿಕೇಟ್‌ಗಿಂತ ಅಪಾಯಕಾರಿಯಾದದ್ದು ಇದೇ, ಏಕೆಂದರೆ ಇದರಲ್ಲಿ ಅಂಕಿಗಳಿರುತ್ತವೆ.

ಸಕಲೇಶಪುರದ ಕಡೆ ಆರು ಕೋಣೆಯ ಹೋಮ್‌ಸ್ಟೇ ಇದೆ ಎಂದಿಟ್ಟುಕೊಳ್ಳಿ. ಮಾಲೀಕರು ತಿಂಗಳಿಗೆ 30,000 ರೂಪಾಯಿ ಜಾಹೀರಾತಿಗೆ ಹಾಕುತ್ತಾರೆ. ತಿಂಗಳ ಕೊನೆಗೆ ಬಂದ ವರದಿಯಲ್ಲಿ 2,500 ಕ್ಲಿಕ್, ಕ್ಲಿಕ್ಕಿಗೆ 12 ರೂಪಾಯಿ, 400 'ಕನ್ವರ್ಷನ್', ಒಂದಕ್ಕೆ ಬರೀ 75 ರೂಪಾಯಿ ಎಂದಿದೆ. ಈ ಪುಟದ ಸ್ಕ್ರೀನ್‌ಶಾಟನ್ನೇ ಆ ಹುಡುಗ ಮುಂದಿನ ಗಿರಾಕಿಗೆ ತೋರಿಸುತ್ತಾನೆ. ಮಾಲೀಕರಿಗೆ ಮಾತ್ರ ನಾನೂರು ಜನ ಎಲ್ಲಿ ಹೋದರೆಂದು ಅರ್ಥವಾಗುವುದಿಲ್ಲ.

ಕನ್ವರ್ಷನ್ ಅಂದರೆ ಏನೆಂದು ತೀರ್ಮಾನಿಸುವುದು ಖಾತೆ ನಡೆಸುವವರ ಕೈಯಲ್ಲಿದೆ. ಬುಕಿಂಗ್ ಆದರೆ ಒಂದು ಎಂದೂ ಎಣಿಸಬಹುದು, ಸಂಪರ್ಕದ ಪುಟ ತೆರೆದರೆ ಒಂದು ಎಂದೂ ಎಣಿಸಬಹುದು. ಇಲ್ಲಿ ಎರಡನೆಯದನ್ನು ಎಣಿಸಲಾಗಿತ್ತು. ಫೋನ್ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ನಿಜವಾಗಿ ವಿಚಾರಿಸಿದವರು 40, ಕೋಣೆ ಹಿಡಿದವರು 6. ಒಂದು ಬುಕಿಂಗಿಗೆ 5,000 ರೂಪಾಯಿ ಬಿತ್ತು. ಬಂದ ಬಾಡಿಗೆ 8,000 ಆಗಿದ್ದರೆ ಊಟ, ಕೆಲಸದವರ ಸಂಬಳ ಕಳೆದು ಉಳಿಯುವುದು ಅಷ್ಟಕ್ಕಷ್ಟೇ.

ಉಳಿದ ದುಡ್ಡು ಎಲ್ಲಿ ಹೋಯಿತೆಂದು ತಿಳಿಯಲು ಖಾತೆಯಲ್ಲಿ 'ಸರ್ಚ್ ಟರ್ಮ್ಸ್' ಎಂಬ ಪಟ್ಟಿಯಿದೆ. ಜನ ಏನು ಬರೆದು ಹುಡುಕಿದಾಗ ಜಾಹೀರಾತು ಕಾಣಿಸಿತು ಎಂಬುದು ಬಹುಮಟ್ಟಿಗೆ ಅದರಲ್ಲಿ ಸಿಗುತ್ತದೆ. ತೆರೆದು ನೋಡಿದರೆ 'ಸಕಲೇಶಪುರ ಟ್ರೈನ್ ಟೈಮಿಂಗ್', 'ಹೋಮ್‌ಸ್ಟೇ ಮಾರಾಟಕ್ಕೆ', 'ಹೋಮ್‌ಸ್ಟೇ ಕೆಲಸ ಖಾಲಿ'. ಇವರಲ್ಲಿ ಯಾರೂ ಉಳಿದುಕೊಳ್ಳಲು ಬರುವವರಲ್ಲ. ಇಂಥ ಪದಗಳನ್ನು 'ನೆಗೆಟಿವ್ ಕೀವರ್ಡ್' ಆಗಿ ಸೇರಿಸಿದರೆ ಆ ಹುಡುಕಾಟಕ್ಕೆ ಜಾಹೀರಾತು ಹೋಗುವುದಿಲ್ಲ. ಇದು ವಾರವಾರವೂ ಮಾಡಬೇಕಾದ, ಬೇಸರ ತರಿಸುವ ಕೆಲಸ. ಯಾರು ಮಾಡಿದ್ದಾರೆ, ಯಾರು ಮಾಡಿಲ್ಲ ಎಂಬುದು 'ಚೇಂಜ್ ಹಿಸ್ಟರಿ'ಯಲ್ಲಿ ತಾರೀಕು ಸಮೇತ ದಾಖಲಾಗಿರುತ್ತದೆ. ಮೂರು ತಿಂಗಳಲ್ಲಿ ನಾಲ್ಕೇ ಬದಲಾವಣೆ ಕಂಡರೆ, ಖಾತೆ ತನ್ನ ಪಾಡಿಗೆ ತಾನು ಓಡಿದೆ ಎಂದೇ ಅನುಮಾನಿಸಬೇಕು.

ಇನ್ನೊಂದು ಕೈಚಳಕವಿದೆ. ಹೋಮ್‌ಸ್ಟೇಯ ಹೆಸರನ್ನೇ ಬರೆದು ಹುಡುಕುವವರಿಗೆ ಜಾಹೀರಾತು ತೋರಿಸಿ, 'ಹಾಕಿದ್ದಕ್ಕೆ ಹತ್ತು ಪಟ್ಟು ಬಂತು' ಎನ್ನುವುದು. ಹೆಸರು ಗೊತ್ತಿದ್ದವರಲ್ಲಿ ಹೆಚ್ಚಿನವರು ಹೇಗೂ ಬರುತ್ತಿದ್ದರು. ಪೈಪೋಟಿಯವರು ಅದೇ ಹೆಸರಿಗೆ ಜಾಹೀರಾತು ಹಾಕುತ್ತಿದ್ದರೆ ಅದಕ್ಕೊಂದು ಅರ್ಥ ಇರಬಹುದು. ಆದರೆ ಆ ಲೆಕ್ಕವನ್ನು ಹೊಸ ಅತಿಥಿಗಳ ಲೆಕ್ಕದ ಜೊತೆ ಬೆರೆಸಬಾರದು.

ಆದ್ದರಿಂದ ಸ್ಕ್ರೀನ್‌ಶಾಟ್ ಒಪ್ಪಬೇಡಿ. ಅದರ ಅಂಕಿಯನ್ನು ಬ್ರೌಸರ್‌ನಲ್ಲೇ ಎರಡು ನಿಮಿಷದಲ್ಲಿ ತಿದ್ದಬಹುದು. ಹಳೆಯ ಗಿರಾಕಿಯ ಒಪ್ಪಿಗೆ ಪಡೆದು, ಲ್ಯಾಪ್‌ಟಾಪಿನಲ್ಲಿ ಖಾತೆಯನ್ನೇ ತೆರೆದು ತೋರಿಸಲು ಹೇಳಿ. "ಇಲ್ಲಿ ಕನ್ವರ್ಷನ್ ಅಂತ ಏನನ್ನು ಎಣಿಸಿದ್ದೀಯಪ್ಪ?" ಎಂಬ ಒಂದು ಪ್ರಶ್ನೆ ಸಾಕು. ಕೆಲಸ ಗೊತ್ತಿದ್ದವನು ಥಟ್ಟನೆ ಹೇಳುತ್ತಾನೆ, ಕೈಕೊಟ್ಟ ಪ್ರಯೋಗದ ಕಥೆಯನ್ನೂ ಸೇರಿಸುತ್ತಾನೆ. ಗೊತ್ತಿಲ್ಲದವನು ಕ್ಲಿಕ್ಕುಗಳ ಕಡೆಗೆ ಮಾತು ತಿರುಗಿಸುತ್ತಾನೆ.

ಹಳೆಯ ಗಿರಾಕಿಗಳೇ ಇಲ್ಲದ ಹೊಸಬರು ಏನು ತೋರಿಸಬೇಕು? ಎದುರಿಗೆ ಕೂತ ಗಿರಾಕಿಯ ಖಾತೆಯನ್ನೇ. ಓದಲಷ್ಟೇ ಅನುಮತಿ ಕೇಳಿಕೊಂಡು, ಕಳೆದ ತಿಂಗಳು ಯಾವ ಪದಗಳಿಗೆ ಎಷ್ಟು ದುಡ್ಡು ವ್ಯರ್ಥವಾಯಿತು, ತಾನಾದರೆ ಮೊದಲು ಏನು ಬದಲಿಸುತ್ತಿದ್ದೆ ಎಂದು ಎರಡು ಪುಟ ಬರೆದುಕೊಡಬಹುದು. ಗಿರಾಕಿ ತಪಾಸಿಸಬಲ್ಲ, ಅವನದೇ ದುಡ್ಡಿನ ಕುರಿತ ಪುರಾವೆ ಅದು. ಐದಾರು ಸರ್ಟಿಫಿಕೇಟ್ ಜೋಡಿಸಿಟ್ಟರೂ ಅಷ್ಟು ತೂಕ ಬರುವುದಿಲ್ಲ. ಆ ಎರಡು ಪುಟಕ್ಕೆ ಸಣ್ಣದಾದರೂ ಶುಲ್ಕ ಕೇಳುವುದು ಒಳ್ಳೆಯದು. ಬಿಟ್ಟಿ ಬರೆದುಕೊಟ್ಟರೆ ಅದನ್ನೇ ಹಿಡಿದು ಇನ್ನೊಬ್ಬರಿಂದ ಕೆಲಸ ಮಾಡಿಸಿಕೊಳ್ಳುವವರಿದ್ದಾರೆ.

ಕೆಲಸ ಒಪ್ಪಿಕೊಳ್ಳುವ ದಿನವೇ ಎರಡು ವಿಷಯ ಬರೆದಿಡಬೇಕು. ಖಾತೆ ಗಿರಾಕಿಯ ಹೆಸರಿನಲ್ಲೇ ಇರಬೇಕು, ನಡೆಸುವವರಿಗೆ ಪ್ರವೇಶ ಮಾತ್ರ; ಇಲ್ಲದಿದ್ದರೆ ಸಂಬಂಧ ಮುರಿದ ದಿನ ವರ್ಷಗಳ ದಾಖಲೆ ಅವರ ಜೊತೆಗೇ ಹೋಗುತ್ತದೆ. ಎರಡನೆಯದು ನಡೆಸುವವರಿಗಾಗಿ: ಹೆಸರು ಮರೆಮಾಚಿ ಯಾವ ಅಂಕಿಗಳನ್ನು ಮುಂದೆ ತೋರಿಸಬಹುದು ಎಂಬ ಒಪ್ಪಿಗೆ. ಗಿರಾಕಿ ಪ್ರವೇಶ ತೆಗೆದ ಕ್ಷಣದಿಂದ ತಾನು ಮಾಡಿದ ಕೆಲಸ ತನಗೇ ಕಾಣಿಸುವುದಿಲ್ಲ. ಆಗ ಕೈಯಲ್ಲಿ ಉಳಿಯುವುದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಆ ಪಿಡಿಎಫ್ ಒಂದೇ.