ಯಾತ್ರೆ ಏಜೆಂಟರಿಗೆ ಇಮೇಲ್: ಕಂತಿಗಿಂತ ಮೊದಲು ಕೊಠಡಿ ಬಿಡುವ ದಿನ

ಹಿಂದೊಮ್ಮೆ ಸಮ್ಮೇದ ಶಿಖರ್ಜಿ ಯಾತ್ರೆಗೆ 40 ಜನರಿಗೆಂದು 20 ಕೊಠಡಿ ಹಿಡಿದಿದ್ದೆವು. ಕೊನೆಯಲ್ಲಿ ಆರು ಜನ ಬರಲಿಲ್ಲ. ಮೂರು ಕೊಠಡಿ, ನಾಲ್ಕು ರಾತ್ರಿ, ದಿನಕ್ಕೆ 2,500ರಂತೆ 30,000 ರೂಪಾಯಿ ಹೋಯಿತು. ಉಳಿದ 34 ಜನ ತಲಾ ಸುಮಾರು 880 ರೂಪಾಯಿ ಹೆಚ್ಚಿಗೆ ಕೊಡಬೇಕಾಯಿತು. ಏಜೆಂಟರು ಮೋಸ ಮಾಡಲಿಲ್ಲ. ನಾವೇ ದರವನ್ನಷ್ಟೇ ಚೌಕಾಸಿ ಮಾಡಿ, ಉಳಿದದ್ದನ್ನು ಬರೆಸಿಕೊಂಡಿರಲಿಲ್ಲ.

ಹಿಡಿದ ಕೊಠಡಿಗಳನ್ನು ದಂಡವಿಲ್ಲದೆ ಬಿಟ್ಟುಕೊಡಲು ಇರುವ ಕೊನೆಯ ದಿನಕ್ಕೆ ರಿಲೀಸ್ ದಿನಾಂಕ ಎನ್ನುತ್ತಾರೆ. ಹಣದ ಕಂತು ಯಾವಾಗಲೂ ಈ ದಿನಾಂಕದ ನಂತರವೇ ಬರಬೇಕು. ಮೊದಲೇ ಕಟ್ಟಿದರೆ, ಬಿಟ್ಟ ಕೊಠಡಿಯ ಹಣವನ್ನು ನಾವು ವಾಪಸು ಕೇಳುತ್ತಾ ಅಲೆಯಬೇಕಾಗುತ್ತದೆ. ಆಮೇಲೆ ಕಟ್ಟಿದರೆ, ಉಳಿಸಿಕೊಂಡ ಕೊಠಡಿಗಳ ಲೆಕ್ಕಕ್ಕಷ್ಟೇ ಕೊಡುತ್ತೇವೆ.

ಈಗ ನಾವು ಬರೆಯುವ ಇಮೇಲ್ ಹೀಗಿರುತ್ತದೆ:

"ಮಾನ್ಯರೇ, ನವೆಂಬರ್ 20ರಂದು ಹೊರಡುವ ಶಿಖರ್ಜಿ ಯಾತ್ರೆಗೆ 40 ಜನ, 20 ಕೊಠಡಿ. ಈ ಮೂರು ವಿಷಯಗಳನ್ನು ಬರವಣಿಗೆಯಲ್ಲಿ ಒಪ್ಪಿ ತಿಳಿಸಬೇಕಾಗಿ ವಿನಂತಿ.

1. ದರ: 32ರಿಂದ 40 ಜನರವರೆಗೆ ತಲಾ 16,000 ರೂಪಾಯಿ, ಜಿಎಸ್‌ಟಿ ಸೇರಿ. 24ರಿಂದ 31 ಜನರಾದರೆ ಎಷ್ಟು ಎಂದು ಈಗಲೇ ತಿಳಿಸಿ. ರೈಲು ಟಿಕೆಟ್ ಇದರಲ್ಲಿ ಸೇರಿಲ್ಲ.

2. ಕೊಠಡಿ: ಸೆಪ್ಟೆಂಬರ್ 20ರೊಳಗೆ ಆರು, ಅಕ್ಟೋಬರ್ 15ರೊಳಗೆ ಇನ್ನೆರಡು ಕೊಠಡಿಗಳನ್ನು ದಂಡವಿಲ್ಲದೆ ಬಿಡಬಹುದು. ಆಮೇಲೆ ಬಿಟ್ಟರೆ ಕೊಠಡಿಗೆ ಒಂದು ರಾತ್ರಿಯ ಬಾಡಿಗೆ ಮಾತ್ರ.

3. ಪಾವತಿ: ಈಗ ಶೇ. 20, ಸೆಪ್ಟೆಂಬರ್ 25ಕ್ಕೆ ಶೇ. 30, ಅಕ್ಟೋಬರ್ 20ಕ್ಕೆ ಶೇ. 40, ಮಧುಬನ ತಲುಪಿದ ದಿನ ಶೇ. 10. ಬಿಟ್ಟ ಕೊಠಡಿಗಳ ಮುಂಗಡವನ್ನು ಮುಂದಿನ ಕಂತಿನಲ್ಲಿ ಕಳೆದುಕೊಳ್ಳಬೇಕು."

ದರದ ಸಾಲಿನಲ್ಲಿ 32 ಎಂದು ಬರೆದದ್ದಕ್ಕೆ ಕಾರಣವಿದೆ. ಕೊಠಡಿ ಬಿಟ್ಟಾಗ ಜನ ಕಡಿಮೆಯಾಗುತ್ತಾರೆ. ದರ 40 ಜನರಿಗೆ ಮಾತ್ರ ಎಂದಿದ್ದರೆ, ದಂಡ ಉಳಿದರೂ ತಲಾ ದರ ಏರಿ ಅಷ್ಟೇ ಖರ್ಚಾಗುತ್ತದೆ. ರೈಲು ಟಿಕೆಟ್ ರದ್ದತಿಗೆ ರೈಲ್ವೆಯದೇ ನಿಯಮ, ಅದಕ್ಕೇ ಬೇರೆ ಇಟ್ಟಿದ್ದೇವೆ.

ಏಜೆಂಟರು ಎಲ್ಲವನ್ನೂ ಒಪ್ಪುವುದಿಲ್ಲ. ಅವರೂ ಹೋಟೆಲಿಗೋ ಧರ್ಮಶಾಲೆಗೋ ಮುಂಗಡ ಕಟ್ಟಿರುತ್ತಾರೆ. "ಹೋಟೆಲಿನವರು ಬಿಡುವುದಿಲ್ಲ" ಎಂದರೆ, "ಹೋಟೆಲಿನವರು ನಿಮಗೆ ಕೊಟ್ಟ ಕೊನೆಯ ದಿನ ಯಾವುದು?" ಎಂದು ಕೇಳಿ. ನಮ್ಮ ದಿನಾಂಕ ಅದಕ್ಕಿಂತ ಮೂರು-ನಾಲ್ಕು ದಿನ ಮೊದಲಿದ್ದರೆ ಅವರಿಗೂ ನಷ್ಟವಿಲ್ಲ. ಕೊನೆಯ ಶೇ. 10ಕ್ಕೆ ಒಪ್ಪದಿದ್ದರೆ ಅದನ್ನು ಬಿಟ್ಟುಕೊಡಿ, ರಿಲೀಸ್ ದಿನಾಂಕವನ್ನು ಬಿಡಬೇಡಿ.

ಒಪ್ಪಿಗೆಯ ಉತ್ತರ ಬಂದ ಮೇಲೆ ಇನ್ನೊಂದು ಕೆಲಸವಿದೆ. ಯಾತ್ರಿಕರಿಗೆ ಹೆಸರು ಹಿಂತೆಗೆದುಕೊಳ್ಳಲು ಸೆಪ್ಟೆಂಬರ್ 15 ಕೊನೆಯ ದಿನವೆಂದು ತಿಳಿಸಿ. ಆ ಐದು ದಿನಗಳಲ್ಲಿ, ಜೊತೆಗಾರರು ಬಿಟ್ಟು ಒಂಟಿಯಾದವರನ್ನು ಒಂದೇ ಕೊಠಡಿಗೆ ಸೇರಿಸಿ, ಎಷ್ಟು ಕೊಠಡಿ ಬಿಡಬೇಕೆಂದು ಲೆಕ್ಕ ಹಾಕಬಹುದು.